ತುಂಬ ಓಡಿದ ಲೇಖನದಲ್ಲಿ ತಪ್ಪು ಸಿಕ್ಕಿದೆ: ತಿದ್ದುಪಡಿಯಲ್ಲಿ ಏನು ಬರೆಯಬೇಕು, ಎಲ್ಲಿ ಹಾಕಬೇಕು?

ಕರಡುಪ್ರತಿ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ವಿಜ್ಞಾನ ಪತ್ರಿಕೆಯ ವೆಬ್ ಪುಟ ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೇನೆ. ನಮ್ಮಲ್ಲಿ ಬಂದ ಒಂದು ಲೇಖನ ಈಚೆಗೆ ತುಂಬ ಓಡಿತು. ಇಷ್ಟು ಜನ ಓದಿದ ಲೇಖನ ನಮ್ಮ ಪುಟದಲ್ಲಿ ಇನ್ನೊಂದಿಲ್ಲ. ಶೀರ್ಷಿಕೆ ಹೀಗಿದೆ: "ಆರ್ಕ್‌ಟಿಕ್ ಹಿಮ ಕರಗಿದರೆ ಸಮುದ್ರ 7 ಮೀಟರ್ ಏರುತ್ತದೆ".

ಮೊನ್ನೆ ಒಬ್ಬ ಓದುಗರು ಪತ್ರ ಬರೆದು ತಪ್ಪು ತೋರಿಸಿದರು. 7 ಮೀಟರ್ ಎನ್ನುವ ಅಂಕಿ ಗ್ರೀನ್‌ಲ್ಯಾಂಡ್‌ನ ನೆಲದ ಮೇಲೆ ಕೂತಿರುವ ಹಿಮದ್ದು. ನಮ್ಮ ಲೇಖನ ಮಾತಾಡುವುದು ಆರ್ಕ್‌ಟಿಕ್ ಸಾಗರದ ಮೇಲೆ ತೇಲುವ ಹಿಮದ ಬಗ್ಗೆ. ಹಾಕಿರುವ ಚಿತ್ರವೂ ತೇಲುವ ಹಿಮದ್ದೇ. ಮೂಲ ವರದಿಗಳನ್ನು ತೆಗೆದು ನೋಡಿದೆವು. ಓದುಗರು ಹೇಳಿದ್ದೇ ಸರಿ.

ತಂಡದಲ್ಲಿ ಸದ್ಯಕ್ಕೆ ಬರೆದಿಟ್ಟಿರುವ ಟಿಪ್ಪಣಿ ಇದು:

> ಈ ಲೇಖನದಲ್ಲಿ ನುಸುಳಿದ್ದ ಒಂದು ದೋಷವನ್ನು ಸರಿಪಡಿಸಲಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಇದನ್ನು ಲೇಖನದ ಕೊನೆಯಲ್ಲಿ ಹಾಕೋಣ ಎಂದು ಕೆಲವರು ಹೇಳುತ್ತಿದ್ದಾರೆ. ನನಗೆ ಸಮಾಧಾನವಿಲ್ಲ. ಲೇಖನ ಇನ್ನೂ ಗುಂಪುಗಳಲ್ಲಿ ಓಡಾಡುತ್ತಿದೆ. ಇಂಥ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ: ಟಿಪ್ಪಣಿ ಹೇಗಿರಬೇಕು, ಎಲ್ಲಿರಬೇಕು, ಶೀರ್ಷಿಕೆಯನ್ನು ಏನು ಮಾಡಬೇಕು?

---

ನೇರನುಡಿ

ಸುಮ್ನೆ ಶೀರ್ಷಿಕೆ ಬದಲಿಸಿ, ಒಳಗಿನ ಸಾಲು ತಿದ್ದಿ, ಮುಂದೆ ಹೋಗಿ. ಟಿಪ್ಪಣಿ ಹಾಕಿದರೆ ತಪ್ಪನ್ನು ಇನ್ನೊಂದು ಸಲ ಹೇಳಿದ ಹಾಗಾಗುತ್ತದೆ. ತಪ್ಪು ಮಾಹಿತಿಯನ್ನು ಅಲ್ಲಗಳೆಯಲು ಹೋದರೆ ಜನ ಅದನ್ನೇ ಇನ್ನೂ ಗಟ್ಟಿಯಾಗಿ ನಂಬುತ್ತಾರೆ ಎಂದು ಸಂಶೋಧನೆಯೇ ಇದೆ. ಓದುಗರಿಗೆ ಬೇಕಾಗಿರುವುದು ಸರಿಯಾದ ವಿಷಯ. ಇತಿಹಾಸ ಯಾರಿಗೆ ಬೇಕು?

---

ಹಳೆಡೆಸ್ಕು

ನಾನು ವರ್ಷಗಟ್ಟಲೆ ಸುದ್ದಿಮನೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. ತಿದ್ದುಪಡಿ ಬರೆಯುವ ಕೆಲಸ ನನ್ನ ಪಾಲಿಗೆ ತುಂಬ ಬಂದಿದೆ.

ಮೊದಲು ನೇರನುಡಿ ಅವರ ಮಾತಿಗೆ. ನೀವು ಹೇಳುವ ಸಂಶೋಧನೆ ಇದೆ, ನಿಜ. 2010ರಲ್ಲಿ ನೈಹನ್ ಮತ್ತು ರೈಫ್ಲರ್ ಎನ್ನುವ ಇಬ್ಬರು ಪ್ರಕಟಿಸಿದ್ದು. ಕೆಲವು ರಾಜಕೀಯ ವಿಷಯಗಳಲ್ಲಿ ತಿದ್ದುಪಡಿ ಓದಿದವರು ತಮ್ಮ ಹಳೆ ನಂಬಿಕೆಗೆ ಇನ್ನೂ ಜೋರಾಗಿ ಅಂಟಿಕೊಂಡರು ಎಂದು ಅದರಲ್ಲಿ ಕಂಡಿತ್ತು. ಆದರೆ ಆಮೇಲೆ ವುಡ್ ಮತ್ತು ಪೋರ್ಟರ್ 52 ಬೇರೆ ಬೇರೆ ವಿಷಯಗಳನ್ನು ಇಟ್ಟುಕೊಂಡು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನೇ ಹುಡುಕಿದರು. ಆ ಪರಿಣಾಮ ಅವರಿಗೆ ಸಿಗಲಿಲ್ಲ. ಜನ ಸಾಮಾನ್ಯವಾಗಿ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತಾರೆ. ಹಾಗಾಗಿ "ತಪ್ಪನ್ನು ಹೆಸರಿಸಲೇ ಬಾರದು" ಎನ್ನುವುದಕ್ಕೆ ಇವತ್ತು ಅಂಥ ಆಧಾರವಿಲ್ಲ.

ಸದ್ದಿಲ್ಲದೆ ತಿದ್ದುವುದಂತೂ ಬೇಡವೇ ಬೇಡ. ನಿನ್ನೆ "7 ಮೀಟರ್" ಎಂದು ಓದಿದವರು ಇವತ್ತು ಬಂದು ನೋಡಿದರೆ ಆ ಸಾಲೇ ಇರುವುದಿಲ್ಲ. ತಾವೇ ತಪ್ಪಾಗಿ ಓದಿಕೊಂಡೆವೇನೋ ಎಂದುಕೊಳ್ಳುತ್ತಾರೆ. ಇಲ್ಲವೆಂದರೆ ಇವರು ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಹಳೆ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ದಿನ, ನಿಮ್ಮ ಉಳಿದ ಲೇಖನಗಳ ಮೇಲೂ ಅನುಮಾನ ಬರುತ್ತದೆ.

ಇನ್ನು ನಿಮ್ಮ ಟಿಪ್ಪಣಿ. ಅದನ್ನು ಓದಿದವರಿಗೆ ಯಾವುದು ತಪ್ಪಾಗಿತ್ತು ಎಂದೇ ಗೊತ್ತಾಗುವುದಿಲ್ಲ. ಯಾರದೋ ಹೆಸರಿನ ಕಾಗುಣಿತ ಇರಬಹುದು ಎಂದುಕೊಂಡು ಹೋಗುತ್ತಾರೆ. ಲೇಖನವನ್ನು ಮೊದಲೇ ಓದಿ, ಶೇರ್ ಮಾಡಿ, ಮನೆಯಲ್ಲಿ ಹೇಳಿ ಆದವರಿಗೆ ಅದರಿಂದ ಏನೂ ಸಿಗುವುದಿಲ್ಲ. ಟಿಪ್ಪಣಿ ಬರೆಯುವುದು ಅವರಿಗಾಗಿಯೇ ಅಲ್ವಾ? ಹೊಸ ಓದುಗರಿಗೆ ತಿದ್ದಿದ ಲೇಖನವೇ ಸಾಕು.

---

ಗಾಳಿಪಟ

ನನಗೂ ಇದೇ ಆಗಿದೆ. ಒಂದು ಸುದ್ದಿ ತಾಣದಲ್ಲಿ ನನ್ನ ಹೆಸರಿನ ಬದಲು ಇನ್ನೊಬ್ಬರ ಹೆಸರು ಹಾಕಿದ್ದಾರೆ. ನಾನು ಮಾಡಿದ ಕೆಲಸ ಅವರ ಹೆಸರಿಗೆ ಹೋಗಿದೆ. ಎಷ್ಟು ಮೇಲ್ ಕಳಿಸಿದರೂ ಉತ್ತರವಿಲ್ಲ. ತಿದ್ದುಪಡಿ ಹಾಕಿಸುವುದು ಹೇಗೆ ಎಂದು ಯಾರಾದರೂ ಹೇಳುತ್ತೀರಾ?

---

ಹಳೆಡೆಸ್ಕು

ಗಾಳಿಪಟ ಅವರೇ, ಇಲ್ಲಿ ಕೇಳಿರುವುದು ತಪ್ಪು ಪ್ರಕಟಿಸಿದವರ ಕಡೆಯಿಂದ. ನಿಮ್ಮದು ಇನ್ನೊಂದು ಬದಿ. ಆದರೂ ಒಂದು ಮಾತು ಹೇಳುತ್ತೇನೆ. "ನಿಮ್ಮ ಸುದ್ದಿ ತಪ್ಪು" ಎಂದಷ್ಟೇ ಬರೆದ ಮೇಲ್‌ಗಳು ಡೆಸ್ಕಿನಲ್ಲಿ ಕೆಳಗೆ ಸರಿಯುತ್ತವೆ. ಲೇಖನದ ಕೊಂಡಿ, ತಪ್ಪಿರುವ ವಾಕ್ಯ ಇದ್ದ ಹಾಗೆ, ಸರಿಯಾದ ವಾಕ್ಯ ಹೀಗಿರಬೇಕು, ಅದಕ್ಕೆ ದಾಖಲೆ ಇದು. ಈ ನಾಲ್ಕು ಒಂದೇ ಮೇಲ್‌ನಲ್ಲಿ ಇರಲಿ. ವರದಿಗಾರರಿಗೆ ಮಾತ್ರ ಕಳಿಸಬೇಡಿ, ಸಂಪಾದಕರಿಗೂ ಕಳಿಸಿ. ನಿಮ್ಮ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಕರಡುಪ್ರತಿ ಅವರೇ, ಟಿಪ್ಪಣಿಯ ಒಕ್ಕಣೆಗೆ ಬರೋಣ. ನನಗೆ ತುಂಬ ಉಪಯೋಗಕ್ಕೆ ಬಂದ ಒಂದು ಪ್ರಯೋಗ ಇದೆ. 1994ರಲ್ಲಿ ಜಾನ್ಸನ್ ಮತ್ತು ಸೈಫರ್ಟ್ ಎನ್ನುವ ಮನಶ್ಶಾಸ್ತ್ರಜ್ಞರು ಮಾಡಿದ್ದು. ಒಂದು ಗೋದಾಮಿಗೆ ಬೆಂಕಿ ಬಿದ್ದ ಕಥೆಯನ್ನು ತುಣುಕು ತುಣುಕಾಗಿ ಜನರಿಗೆ ಓದಲು ಕೊಟ್ಟರು. ಮೊದಲು, ಅಲ್ಲಿನ ಒಂದು ಸಣ್ಣ ಕೋಣೆಯಲ್ಲಿ ಎಣ್ಣೆ ಬಣ್ಣದ ಡಬ್ಬ ಮತ್ತು ಗ್ಯಾಸ್ ಸಿಲಿಂಡರ್ ಇದ್ದವು ಎಂದು ಹೇಳಿದರು. ಆಮೇಲೆ, ಅದು ತಪ್ಪು, ಕೋಣೆ ಖಾಲಿ ಇತ್ತು ಎಂದು ತಿದ್ದಿದರು. ತಿದ್ದುಪಡಿ ಓದಿದ್ದು ಜನರಿಗೆ ನೆನಪಿತ್ತು. ಆದರೂ ಹೊಗೆ ಅಷ್ಟು ದಟ್ಟವಾಗಿದ್ದದ್ದು ಯಾಕೆ ಎಂದು ಕೇಳಿದರೆ, ಬಣ್ಣದ ಡಬ್ಬಗಳಿದ್ದವಲ್ಲ ಎಂಬ ಉತ್ತರ ಬರುತ್ತಿತ್ತು. ಬೇರೆ ಕಾರಣ ಕೊಟ್ಟಾಗ, ಅಂದರೆ ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಗುರುತು ಸಿಕ್ಕಿದೆ ಎಂದಾಗ, ಡಬ್ಬಗಳ ಮಾತು ಕಡಿಮೆಯಾಯಿತು.

ನಿಮ್ಮ ಲೇಖನಕ್ಕೂ ಇದೇ ಅನ್ವಯಿಸುತ್ತದೆ. "7 ಮೀಟರ್ ಎನ್ನುವುದು ತಪ್ಪು" ಎಂದು ಮಾತ್ರ ಬರೆದರೆ ಓದುಗರ ತಲೆಯಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಹಾಗಾದರೆ ಸಮುದ್ರ ಏರುವುದು ಯಾತರಿಂದ? ಉತ್ತರ ಕೊಡದಿದ್ದರೆ ಹಳೆ ಉತ್ತರವೇ ವಾಪಸ್ ಬಂದು ಕೂರುತ್ತದೆ. ಅಂಕಿ ಯಾರದ್ದು, ಅದು ಯಾವ ಹಿಮ, ಎಷ್ಟು ಕಾಲ ಬೇಕು ಎಂದು ಹೇಳಬೇಕು. ಸರಿಯಾದದ್ದು ಮೊದಲು ಬರಲಿ, ತಪ್ಪಾಗಿದ್ದದ್ದು ಆಮೇಲೆ. ಹೀಗೆ ಬರೆಯಬಹುದು:

> ತಿದ್ದುಪಡಿ: ಸಮುದ್ರ ಮಟ್ಟವನ್ನು ಸುಮಾರು 7 ಮೀಟರ್ ಏರಿಸುವಷ್ಟು ನೀರು ಇರುವುದು ಗ್ರೀನ್‌ಲ್ಯಾಂಡ್‌ನ ನೆಲದ ಮೇಲಿನ ಹಿಮದಲ್ಲಿ. ಅದು ಪೂರ್ತಿ ಕರಗಲು ಶತಮಾನಗಳಿಂದ ಸಾವಿರಾರು ವರ್ಷ ಬೇಕು. ಈ ಲೇಖನದ ಶೀರ್ಷಿಕೆ ಮತ್ತು ಎರಡನೆಯ ಭಾಗ, ಆರ್ಕ್‌ಟಿಕ್ ಸಾಗರದಲ್ಲಿ ತೇಲುವ ಹಿಮ ಕರಗಿದರೆ ಅಷ್ಟು ಏರಿಕೆ ಆಗುತ್ತದೆ ಎಂದು ಹೇಳಿದ್ದವು. ಅದು ತಪ್ಪು. ತೇಲುವ ಹಿಮ ಕರಗಿದರೆ ಸಮುದ್ರ ಮಟ್ಟ ಏರುವುದೇ ಇಲ್ಲ.

ದಿನಾಂಕ ಹಾಕಿ. "ನುಸುಳಿದ್ದ" ಬೇಡ. ತಪ್ಪು ತಾನಾಗಿ ಒಳಗೆ ಬಂದಂತೆ ಕೇಳಿಸುತ್ತದೆ.

---

ಭೌತಶಾಸ್ತ್ರದ ಮೇಷ್ಟ್ರು

ಹಳೆಡೆಸ್ಕು ಅವರ ಒಕ್ಕಣೆ ಚೆನ್ನಾಗಿದೆ. ಆದರೆ ಕೊನೆಯ ವಾಕ್ಯವನ್ನು ಹಾಗೇ ಪ್ರಕಟಿಸಬೇಡಿ. "ಏರುವುದೇ ಇಲ್ಲ" ಎಂಬುದೂ ಪೂರ್ತಿ ಸರಿಯಲ್ಲ. ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಹಾಕುವ ಸ್ಥಿತಿ ಬರಬಾರದು.

ಪಾಠದಲ್ಲಿ ನಾವು ಲೋಟದ ನೀರಿನಲ್ಲಿ ಐಸ್ ತುಂಡು ತೇಲಿಸಿ ತೋರಿಸುತ್ತೇವೆ. ಕರಗಿದ ಮೇಲೂ ನೀರಿನ ಮಟ್ಟ ಅಷ್ಟೇ ಇರುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ ಎನ್ನುವುದು ಕಾರಣ. ಆದರೆ ಲೋಟದಲ್ಲಿರುವುದು ಸಿಹಿನೀರು. ಸಮುದ್ರದ್ದು ಉಪ್ಪುನೀರು, ಅದರ ಸಾಂದ್ರತೆ ಹೆಚ್ಚು. ತೇಲುವ ಹಿಮದಲ್ಲಿ ಉಪ್ಪು ತೀರಾ ಕಡಿಮೆ. ಅದು ಕರಗಿ ಬಂದ ನೀರು, ತಾನು ತಳ್ಳಿದ್ದ ಉಪ್ಪುನೀರಿಗಿಂತ ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತದೆ. ಸುಮಾರು ಶೇಕಡಾ 2ರಿಂದ 3ರಷ್ಟು. ಲೋಕದಲ್ಲಿ ತೇಲುತ್ತಿರುವ ಎಲ್ಲ ಹಿಮವನ್ನೂ, ಅಂಟಾರ್ಕ್‌ಟಿಕಾದ ಅಂಚಿನಲ್ಲಿ ನೀರಿನ ಮೇಲೆ ಚಾಚಿಕೊಂಡಿರುವ ದಪ್ಪ ಹಿಮದ ಚಪ್ಪಡಿಗಳನ್ನೂ ಸೇರಿಸಿ ಕರಗಿಸಿದರೆ ಏರಿಕೆ ಸುಮಾರು 4 ಸೆಂಟಿಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಆರ್ಕ್‌ಟಿಕ್ ಸಾಗರದ ತೇಲುವ ಹಿಮದ ಪಾಲು ಅದರಲ್ಲಿ ಇನ್ನೂ ಸಣ್ಣದು.

ಹಾಗಾಗಿ "ಬಹಳ ಅಲ್ಪ" ಎಂದು ಬರೆಯಿರಿ.

ಇನ್ನೊಂದು ಮಾತು. ತೇಲುವ ಹಿಮಕ್ಕೂ ಸಮುದ್ರ ಮಟ್ಟಕ್ಕೂ ಸಂಬಂಧವೇ ಇಲ್ಲ ಎಂಬ ಅರ್ಥ ಹೋಗಬಾರದು. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತದೆ. ಅದು ಹೋದ ಜಾಗದಲ್ಲಿ ಕಪ್ಪು ನೀರು ಬಿಸಿಲನ್ನು ಹೀರಿಕೊಳ್ಳುತ್ತದೆ. ಆ ಪ್ರದೇಶ ಬೇಗ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ, ಮತ್ತು ಪಕ್ಕದಲ್ಲೇ ಗ್ರೀನ್‌ಲ್ಯಾಂಡ್ ಇದೆ. ನಿಮ್ಮ ಟಿಪ್ಪಣಿ ಓದಿ "ಓ, ಹಾಗಾದರೆ ಆರ್ಕ್‌ಟಿಕ್ ಕರಗಿದರೆ ತೊಂದರೆ ಇಲ್ಲ" ಎಂದು ಯಾರಾದರೂ ಹೊರಟರೆ ಅದು ಹಳೆ ತಪ್ಪಿಗಿಂತ ದೊಡ್ಡ ತಪ್ಪು.

---

ನೇರನುಡಿ

52 ವಿಷಯಗಳ ಅಧ್ಯಯನ ನನಗೆ ಗೊತ್ತಿರಲಿಲ್ಲ. ಸರಿ, ಟಿಪ್ಪಣಿ ಇರಲಿ. ಆದರೆ ಒಂದು ಅನುಮಾನ ಹಾಗೇ ಉಳಿದಿದೆ. ಇಷ್ಟೆಲ್ಲ ಬರೆದರೆ ಯಾರು ಓದುತ್ತಾರೆ? ಉಪ್ಪುನೀರು, ಸಿಹಿನೀರು, ಬಿಸಿಲು ಎಂದು ಟಿಪ್ಪಣಿಯೇ ಒಂದು ಲೇಖನವಾಗುತ್ತದೆ. ಹೆಚ್ಚೆಂದರೆ ನಾಲ್ಕು ಸಾಲು ಇರಬೇಕು.

---

ಹಳೆಡೆಸ್ಕು

ಮೇಷ್ಟ್ರೇ, ತುಂಬ ಒಳ್ಳೆಯದಾಯಿತು. "ಬಹಳ ಅಲ್ಪ" ಎಂದೇ ಇರಲಿ.

ನೇರನುಡಿ ಅವರ ಮಾತು ಈ ಸಲ ನನಗೂ ಒಪ್ಪಿಗೆ. ಟಿಪ್ಪಣಿಯಲ್ಲಿ ನಾಲ್ಕೈದು ಸಾಲು ಸಾಕು. ಉಪ್ಪುನೀರಿನ ವಿವರವೂ ಬಿಸಿಲಿನ ವಿವರವೂ ಲೇಖನದ ಒಳಗೆ ಹೋಗಲಿ.

ಲೇಖನದ ಒಳಗೆ ಎಂದಾಗ ನೆನಪಾಯಿತು. ಕರಡುಪ್ರತಿ ಅವರೇ, ನೀವು ಆ ಒಂದು ವಾಕ್ಯ ಮಾತ್ರ ತಿದ್ದಿದ್ದೀರಾ? ನಾನು ಮಾಡುತ್ತಿದ್ದ ಕ್ರಮ ಇದು: ತಪ್ಪಿರುವ ವಾಕ್ಯವನ್ನು ಹೊಡೆದುಹಾಕಿ, ಲೇಖನವನ್ನು ಮೊದಲಿನಿಂದ ಓದುತ್ತೇನೆ. ಆ ವಾಕ್ಯವನ್ನು ನಂಬಿಕೊಂಡು ನಿಂತಿದ್ದ ವಾಕ್ಯಗಳು ಒಂದೊಂದಾಗಿ ಸಿಗುತ್ತವೆ. "ಆದ್ದರಿಂದ", "ಹೀಗಾದರೆ", "ಅಷ್ಟರೊಳಗೆ" ಎಂದು ಶುರುವಾಗುವ ಸಾಲುಗಳನ್ನು ವಿಶೇಷವಾಗಿ ನೋಡಿ. ತಪ್ಪು ಅಂಕಿಗಿಂತ ಅದರಿಂದ ಎಳೆದ ತೀರ್ಮಾನವೇ ಜನರ ನೆನಪಿನಲ್ಲಿ ಜಾಸ್ತಿ ಉಳಿಯುತ್ತದೆ.

---

ಕರಡುಪ್ರತಿ

ನೀವು ಹೇಳಿದ ಹಾಗೆ ಕೂತು ಓದಿದೆ. ನಿಜವಾಗಿ ಗಾಬರಿಯಾಯಿತು.

ಲೇಖನದ ಮೊದಲ ಭಾಗದಲ್ಲಿ, 2050ಕ್ಕೆ ಮುಂಚೆ ಒಮ್ಮೆಯಾದರೂ ಸೆಪ್ಟೆಂಬರ್‌ನಲ್ಲಿ ಆರ್ಕ್‌ಟಿಕ್ ಸಾಗರ ಹೆಚ್ಚುಕಡಿಮೆ ಹಿಮವಿಲ್ಲದೆ ಇರುವ ಸಾಧ್ಯತೆ ಇದೆ ಎಂದಿದೆ. ಇದು ಸರಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೆಯ ವರದಿಯಲ್ಲೇ ಇದೆ. ಎರಡನೆಯ ಭಾಗದಲ್ಲಿ ಆ ಹಿಮ ಕರಗಿದರೆ 7 ಮೀಟರ್ ಎಂದಿದೆ. ಇದು ತಪ್ಪು. ಕೊನೆಯ ಭಾಗದಲ್ಲಿ ಎರಡನ್ನೂ ಜೋಡಿಸಿ, "ಅಂದರೆ ನಮ್ಮ ಜೀವಿತಾವಧಿಯಲ್ಲೇ ಕರಾವಳಿಯ ನಗರಗಳು ಪೂರ್ತಿ ಮುಳುಗುತ್ತವೆ" ಎಂದು ಬರೆದಿದೆ. ಜನ ಸ್ಕ್ರೀನ್‌ಶಾಟ್ ತೆಗೆದು ಹಂಚಿರುವುದು ಈ ಕೊನೆಯ ಸಾಲನ್ನೇ. ನಮ್ಮ ಟಿಪ್ಪಣಿಯ ಕರಡಿನಲ್ಲಿ ಇದರ ಮಾತೇ ಇರಲಿಲ್ಲ.

ಅದೇ ವರದಿಯ ಪ್ರಕಾರ 2100ರ ಹೊತ್ತಿಗೆ ಏರಿಕೆಯ ಸಂಭವನೀಯ ಅಂದಾಜು, ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಹೊರಸೂಸುವಿಕೆ ತುಂಬ ಕಡಿಮೆಯಾದರೆ 0.28ರಿಂದ 0.55 ಮೀಟರ್, ತುಂಬ ಹೆಚ್ಚಾದರೆ 0.63ರಿಂದ 1.01 ಮೀಟರ್. ಹೋಲಿಕೆ 1995ರಿಂದ 2014ರ ಸರಾಸರಿಗೆ. ಇದು ಸಣ್ಣದೇನಲ್ಲ. ಆದರೆ 7 ಮೀಟರ್ ಅಲ್ಲ.

ಇನ್ನೊಂದು ವಿಷಯ ಗೊತ್ತಾಯಿತು. ಲೇಖಕರು ಕಳಿಸಿದ್ದ ಮೂಲ ಪ್ರತಿ ಹುಡುಕಿ ನೋಡಿದೆ. ಅವರು ಬರೆದದ್ದು "ಆರ್ಕ್‌ಟಿಕ್ ವಲಯದಲ್ಲಿರುವ ಗ್ರೀನ್‌ಲ್ಯಾಂಡ್‌ನ ಹಿಮ" ಎಂದು. ಉದ್ದವಾಯಿತೆಂದು ಸಂಪಾದನೆಯಲ್ಲಿ ಅದು "ಆರ್ಕ್‌ಟಿಕ್ ಹಿಮ" ಆಗಿದೆ. ಕೊನೆಯ ಸಾಲೂ ಸಂಪಾದನೆಯಲ್ಲೇ ಸೇರಿದೆ. ಲೇಖಕರು ತುಂಬ ನೊಂದಿದ್ದಾರೆ. ಕೆಳಗೆ ಪ್ರತಿಕ್ರಿಯೆಗಳಲ್ಲಿ ಎಲ್ಲರೂ ಅವರನ್ನೇ ಬೈಯುತ್ತಿದ್ದಾರೆ. ಟಿಪ್ಪಣಿಯಲ್ಲಿ ಇದನ್ನು ಹೇಳಬೇಕೇ?

---

ಹಳೆಡೆಸ್ಕು

ಹೇಳಲೇಬೇಕು. ಲೇಖನದ ಮೇಲೆ ಇರುವುದು ಲೇಖಕರ ಹೆಸರು. ಟಿಪ್ಪಣಿ ಸುಮ್ಮನಿದ್ದರೆ ತಪ್ಪು ಅವರದ್ದೇ ಎಂದು ಓದುಗರು ತೀರ್ಮಾನ ಮಾಡುತ್ತಾರೆ. "ಸಂಪಾದನೆಯ ಹಂತದಲ್ಲಿ ಆದ ತಪ್ಪು" ಎಂಬ ನಾಲ್ಕು ಪದ ಸೇರಿಸಿ. ತಿದ್ದಿದ ಸಹೋದ್ಯೋಗಿಯ ಹೆಸರು ಹಾಕುವ ಅಗತ್ಯವಿಲ್ಲ. ಜವಾಬ್ದಾರಿ ಪತ್ರಿಕೆಯದ್ದು. ಹಾಗೆಯೇ ತಪ್ಪು ನಿಜವಾಗಿ ಲೇಖಕರದ್ದೇ ಆಗಿದ್ದರೂ ಟಿಪ್ಪಣಿಯಲ್ಲಿ ಅವರನ್ನು ಹೆಸರು ಹಿಡಿದು ತೋರಿಸುವುದಿಲ್ಲ.

ಈಗ ಜಾಗದ ಪ್ರಶ್ನೆ. ಹೆಸರಿನ ಕಾಗುಣಿತವೋ ಒಂದು ಇಸವಿಯೋ ತಪ್ಪಿದ್ದರೆ ಲೇಖನದ ಕೊನೆಯಲ್ಲಿ ಹಾಕಿದರೆ ನಡೆಯುತ್ತದೆ. ನಿಮ್ಮಲ್ಲಿ ಶೀರ್ಷಿಕೆಯೇ ತಪ್ಪು, ತೀರ್ಮಾನವೂ ತಪ್ಪು. ಇಂಥದ್ದು ಮೇಲೆಯೇ ಇರಬೇಕು, ಶೀರ್ಷಿಕೆಯ ಕೆಳಗೆ, ಮೊದಲ ಪ್ಯಾರಾಕ್ಕಿಂತ ಮುಂಚೆ. ಬಣ್ಣದ ಚೌಕ ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಆದರೆ ಅಕ್ಷರ ಲೇಖನದ ಅಕ್ಷರದಷ್ಟೇ ದೊಡ್ಡದಿರಲಿ.

ಹಳೆಯ ಶೀರ್ಷಿಕೆಯನ್ನು ಟಿಪ್ಪಣಿಯೊಳಗೆ ಪೂರ್ತಿ ಉಲ್ಲೇಖಿಸಿ. ಸ್ಕ್ರೀನ್‌ಶಾಟ್ ನೋಡಿದವರು ಅದೇ ಪದಗಳನ್ನು ಹಾಕಿ ಹುಡುಕುತ್ತಾರೆ. ಆಗ ಅವರಿಗೆ ಸಿಗುವುದು ಈ ಟಿಪ್ಪಣಿಯಾಗಲಿ. ಇದಕ್ಕೊಂದು ಹಳೆ ಉದಾಹರಣೆ ಇದೆ. ರಾಕೆಟ್ ನಿರ್ವಾತದಲ್ಲಿ ಹಾರಲಾರದು ಎಂದು ನ್ಯೂಯಾರ್ಕ್ ಟೈಮ್ಸ್ 1920ರ ಜನವರಿಯಲ್ಲಿ ಸಂಪಾದಕೀಯ ಬರೆದು ವಿಜ್ಞಾನಿ ಗೊಡಾರ್ಡ್ ಅವರನ್ನು ಹಂಗಿಸಿತ್ತು. 1969ರ ಜುಲೈ 17ರಂದು, ಅಪೊಲೊ 11 ಹೊರಟ ಮರುದಿನ, ತಿದ್ದುಪಡಿ ಹಾಕಿತು. ಆ ತಿದ್ದುಪಡಿಯಲ್ಲಿ ತಾನು ಅಂದು ಏನು ಬರೆದಿತ್ತು ಎಂಬುದನ್ನೂ ಹೇಳಿತು. ಹಾಗಾಗಿ ಇವತ್ತು ಅದೊಂದನ್ನೇ ಓದಿದರೂ ವಿಷಯ ಪೂರ್ತಿ ತಿಳಿಯುತ್ತದೆ. ಗೊಡಾರ್ಡ್ ಮಾತ್ರ ಆಗ ಬದುಕಿರಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ನನಗೆ ಅದನ್ನು ಓದಿದಾಗಲೆಲ್ಲ ಬೇಸರವಾಗುತ್ತದೆ. ನಿಮ್ಮದನ್ನು ಇವತ್ತೇ ಹಾಕಿ.

---

ಸಂಜೆಮಲ್ಲಿಗೆ

ಆ ಲೇಖನವನ್ನು ನಾನೂ ಹಂಚಿದ್ದೆ ಅನಿಸುತ್ತದೆ. ನಮ್ಮ ಗುಂಪಿಗೆ ಬಂದದ್ದು ಕೊಂಡಿಯಲ್ಲ, ಬರೀ ಚಿತ್ರದ ಕಾರ್ಡು. ಹಿಮದ ಚಿತ್ರ, ಮೇಲೆ "7 ಮೀಟರ್" ಎಂದು ದೊಡ್ಡದಾಗಿ. ನೀವು ಪುಟದಲ್ಲಿ ಎಷ್ಟು ಚೆನ್ನಾಗಿ ಟಿಪ್ಪಣಿ ಹಾಕಿದರೂ ಆ ಕಾರ್ಡು ನೋಡಿದವರು ಪುಟಕ್ಕೆ ಬರುವುದೇ ಇಲ್ಲ. ನಾನೂ ಬಂದಿರಲಿಲ್ಲ. ನಮ್ಮಂಥವರಿಗೆ ಹೇಗೆ ಮುಟ್ಟಿಸುತ್ತೀರಿ?

---

ಟ್ಯಾಗುಗಾರ

ಸಂಜೆಮಲ್ಲಿಗೆ ಅವರು ಕೇಳಿದ್ದೇ ಮುಖ್ಯ ಪ್ರಶ್ನೆ. ನಾನು ಪತ್ರಕರ್ತನಲ್ಲ, ಪುಟಗಳ ತಾಂತ್ರಿಕ ಕೆಲಸ ಮಾಡುವವನು. ಶೀರ್ಷಿಕೆ ಬದಲಿಸಿದೆವು ಎಂದು ತಂಡದವರು ಹೇಳುತ್ತಾರೆ, ಆದರೆ ಅದು ಒಂದು ಕಡೆ ಮಾತ್ರ ಬದಲಾಗಿರುತ್ತದೆ. ಕೊಂಡಿ ಹಂಚಿದಾಗ ಕಾಣುವ ಶೀರ್ಷಿಕೆ, ವಿವರ ಮತ್ತು ಚಿತ್ರ ಬೇರೆ ಟ್ಯಾಗ್‌ಗಳಿಂದ ಬರುತ್ತವೆ. ಪುಟದ ಮೂಲ ಕೋಡ್ ತೆರೆದು ಇವನ್ನು ನೋಡಿ:

```html
<title>...</title>
<meta name="description" content="...">
<meta property="og:title" content="...">
<meta property="og:description" content="...">
<meta property="og:image" content="...">
```

ಈ ಐದರಲ್ಲಿ ಎಲ್ಲಿಯೂ ಹಳೆ ಮಾತು ಇರಬಾರದು. `og:image` ಚಿತ್ರದ ಮೇಲೆ "7 ಮೀಟರ್" ಎಂದು ಬರೆದಿದ್ದರೆ ಹೊಸ ಚಿತ್ರ ಮಾಡಿ ಹೊಸ ಹೆಸರಿನ ಕಡತದಲ್ಲಿ ಹಾಕಿ. ಅದೇ ಹೆಸರಿನಲ್ಲಿ ಹಾಕಿದರೆ ಹಳೆ ಚಿತ್ರ ಎಲ್ಲೆಲ್ಲೋ ಉಳಿದುಕೊಂಡಿರುತ್ತದೆ. ಆಮೇಲೆ ಫೇಸ್‌ಬುಕ್‌ನ Sharing Debugger ಪುಟದಲ್ಲಿ ನಿಮ್ಮ ಕೊಂಡಿ ಹಾಕಿ `Scrape Again` ಒತ್ತಿ. ಇನ್ನು ಮುಂದೆ ಹಂಚುವವರಿಗೆ ಹೊಸದು ಕಾಣುತ್ತದೆ. ಹಳೆಯ ಶೇರ್‌ಗಳೆಲ್ಲ ಬದಲಾಗುತ್ತವೆ ಎಂದು ನಂಬಿಕೊಳ್ಳಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿಯಾದ ಸಂದೇಶದ ಮುನ್ನೋಟ ಬದಲಾಗುವುದಿಲ್ಲ.

ಪುಟದ ವಿಳಾಸದಲ್ಲೇ "7-metre" ಎಂದು ಇದೆಯಾ? ಇದ್ದರೆ ವಿಳಾಸ ಬದಲಿಸಿ, ಹಳೆಯದರಿಂದ ಹೊಸದಕ್ಕೆ 301 ಕಳಿಸುವಿಕೆ ಹಾಕಿ. ಹಳೆ ಕೊಂಡಿ ಒತ್ತಿದವರು ಟಿಪ್ಪಣಿ ಇರುವ ಪುಟಕ್ಕೇ ಬರಬೇಕು. ಪುಟ ಅಳಿಸಿಹಾಕುವುದು ಬೇಡ. ಅಳಿಸಿದರೆ ಟಿಪ್ಪಣಿ ಓದಿಸುವ ಒಂದೇ ದಾರಿಯೂ ಮುಚ್ಚಿಹೋಗುತ್ತದೆ.

ಕಾರ್ಡಿಗೆ ಎದುರು ಇನ್ನೊಂದು ಕಾರ್ಡೇ ಬೇಕು. ನೀವು ಹಳೆ ಕಾರ್ಡನ್ನು ಎಲ್ಲೆಲ್ಲಿ ಹಾಕಿದ್ದಿರೋ ಅಲ್ಲೆಲ್ಲ, ಅದೇ ಅಳತೆಯಲ್ಲಿ.

---

ನೇರನುಡಿ

ಹಾಗಾದರೆ ಹಳೆ ಕಾರ್ಡಿನ ಪೋಸ್ಟ್ ಅಳಿಸಿಬಿಡಲಿ ಅಲ್ವಾ? ಅದು ಇದ್ದಷ್ಟು ದಿನ ಜನ ಹಂಚುತ್ತಲೇ ಇರುತ್ತಾರೆ.

---

ಟ್ಯಾಗುಗಾರ

ನಾನು ಅಳಿಸಬೇಡಿ ಎನ್ನುತ್ತೇನೆ. ಪೋಸ್ಟ್‌ನ ಬರಹದ ಮೊದಲ ಸಾಲಿಗೇ ತಿದ್ದುಪಡಿ ಸೇರಿಸಿ, ಹೊಸ ಕಾರ್ಡನ್ನು ಮೊದಲ ಪ್ರತಿಕ್ರಿಯೆಯಾಗಿ ಹಾಕಿ ಮೇಲೆ ಪಿನ್ ಮಾಡಿ. ಹಂಚಿದವರು ವಾಪಸ್ ಬಂದರೆ ಕಾಣುತ್ತದೆ. ಅಳಿಸಿದರೆ ಸ್ಕ್ರೀನ್‌ಶಾಟ್‌ಗಳು ಮಾತ್ರ ಉಳಿಯುತ್ತವೆ, ಅವುಗಳ ಪಕ್ಕದಲ್ಲಿ ನಿಮ್ಮ ಮಾತು ಇರುವುದಿಲ್ಲ.

---

ಹಳೆಡೆಸ್ಕು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಚಿತ್ರದ ಮೇಲಿನ ಅಕ್ಷರವನ್ನು ತಿದ್ದಲು ಆಗುವುದಿಲ್ಲ. ಕಾರ್ಡು ಒಂದು ಒತ್ತಿನಲ್ಲಿ ಮುಂದೆ ಹೋಗುತ್ತದೆ, ಕೆಳಗಿನ ಬರಹ ಹಿಂದೆಯೇ ಉಳಿಯುತ್ತದೆ. ನಾನಾಗಿದ್ದರೆ ಹಳೆ ಕಾರ್ಡು ತೆಗೆದು, ಯಾಕೆ ತೆಗೆದೆವು ಎಂದು ಹೊಸ ಪೋಸ್ಟ್‌ನಲ್ಲಿ ಬಾಯಿಬಿಟ್ಟು ಹೇಳುತ್ತಿದ್ದೆ. ಸದ್ದಿಲ್ಲದೆ ತೆಗೆಯುವುದಕ್ಕೂ ಹೇಳಿ ತೆಗೆಯುವುದಕ್ಕೂ ವ್ಯತ್ಯಾಸವಿದೆ.

---

ಸಂಜೆಮಲ್ಲಿಗೆ

ಹಂಚಿದವಳಾಗಿ ನನ್ನ ಮಾತು ಕೇಳಿ. ಪೋಸ್ಟ್ ಮಾಯವಾದರೆ ನಾನು ಹಂಚಿದ್ದು ಅದೇನಾ ಎಂದು ನೋಡಿಕೊಳ್ಳಲು ನನಗೆ ಏನೂ ಉಳಿಯುವುದಿಲ್ಲ. ಹೊಸ ಕಾರ್ಡಿನಲ್ಲಿ ಹಳೆ ಕಾರ್ಡನ್ನು ಸಣ್ಣದಾಗಿ ತೋರಿಸಿ, ಮೇಲೆ ಅಡ್ಡಗೆರೆ ಹಾಕಿದರೆ ನನಗೆ ತಕ್ಷಣ ಗುರುತು ಸಿಗುತ್ತದೆ. ಬರೀ ಅಕ್ಷರದ ತಿದ್ದುಪಡಿ ಬಂದರೆ ಇದು ಯಾವ ಲೇಖನದ್ದು ಎಂದೇ ಗೊತ್ತಾಗುವುದಿಲ್ಲ. ನಮ್ಮ ಗುಂಪಿನಲ್ಲಿ ತೀರಾ ವಯಸ್ಸಾದವರೂ ಇದ್ದಾರೆ. ಅವರು ಚಿತ್ರ ನೋಡಿಯೇ ಗುರುತು ಹಿಡಿಯುವುದು.

---

ಭೌತಶಾಸ್ತ್ರದ ಮೇಷ್ಟ್ರು

ಅಡ್ಡಗೆರೆ ಹಾಕಿದರೂ "7 ಮೀಟರ್" ಎಂಬುದು ದೊಡ್ಡದಾಗಿ ಕಾಣದಿರಲಿ. ಹೊಸ ಕಾರ್ಡಿನಲ್ಲಿ ಕಣ್ಣಿಗೆ ಮೊದಲು ಬೀಳಬೇಕಾದದ್ದು "ನೆಲದ ಮೇಲಿನ ಹಿಮ" ಮತ್ತು "ತೇಲುವ ಹಿಮ" ಎಂಬ ಎರಡು ಮಾತು. ಚಿತ್ರದಲ್ಲೂ ಎರಡನ್ನೂ ಪಕ್ಕಪಕ್ಕ ತೋರಿಸಿ. ಇಡೀ ಗೊಂದಲ ಹುಟ್ಟಿದ್ದು ಅಲ್ಲೇ. ಲೇಖನದಲ್ಲಿ ತೇಲುವ ಹಿಮದ ಚಿತ್ರ ಹಾಗೇ ಇದೆಯಾ? ಪದ ತಿದ್ದಿ ಚಿತ್ರ ಬಿಟ್ಟರೆ, ಓದುಗರು 7 ಮೀಟರ್ ಎಂದು ಓದುವಾಗ ಅವರ ಕಣ್ಣ ಮುಂದೆ ಇರುವುದು ಮತ್ತೆ ಅದೇ ತೇಲುವ ಹಿಮ.

---

ಕರಡುಪ್ರತಿ

ಚಿತ್ರದ ವಿಷಯ ನಮಗೆ ಹೊಳೆದೇ ಇರಲಿಲ್ಲ, ಮೇಷ್ಟ್ರೇ. ಈಗ ಗ್ರೀನ್‌ಲ್ಯಾಂಡ್‌ನ ಹಿಮದ ಅಂಚಿನ ಚಿತ್ರ ಹಾಕಿದ್ದೇವೆ.

ಇವತ್ತು ಮಧ್ಯಾಹ್ನ ಟಿಪ್ಪಣಿ ಪ್ರಕಟವಾಯಿತು. ಶೀರ್ಷಿಕೆಯ ಕೆಳಗೇ ಇದೆ, ದಿನಾಂಕದ ಜೊತೆ:

> ತಿದ್ದುಪಡಿ: ಸಮುದ್ರ ಮಟ್ಟವನ್ನು ಸುಮಾರು 7 ಮೀಟರ್ ಏರಿಸುವಷ್ಟು ನೀರು ಇರುವುದು ಗ್ರೀನ್‌ಲ್ಯಾಂಡ್‌ನ ನೆಲದ ಮೇಲಿನ ಹಿಮದಲ್ಲಿ. ಅದು ಪೂರ್ತಿ ಕರಗಲು ಶತಮಾನಗಳಿಂದ ಸಾವಿರಾರು ವರ್ಷ ಬೇಕು. "ಆರ್ಕ್‌ಟಿಕ್ ಹಿಮ ಕರಗಿದರೆ ಸಮುದ್ರ 7 ಮೀಟರ್ ಏರುತ್ತದೆ" ಎಂಬ ಹಿಂದಿನ ಶೀರ್ಷಿಕೆ ಮತ್ತು ಲೇಖನ, ಇದನ್ನು ಸಾಗರದಲ್ಲಿ ತೇಲುವ ಹಿಮಕ್ಕೆ ಅನ್ವಯಿಸಿದ್ದವು. ಅದು ತಪ್ಪು. ತೇಲುವ ಹಿಮ ಕರಗುವುದರಿಂದ ನೇರವಾಗಿ ಆಗುವ ಏರಿಕೆ ಬಹಳ ಅಲ್ಪ. ನಮ್ಮ ಜೀವಿತಾವಧಿಯಲ್ಲೇ ಕರಾವಳಿ ನಗರಗಳು ಪೂರ್ತಿ ಮುಳುಗುತ್ತವೆ ಎಂಬ ಸಾಲಿಗೆ ಆಧಾರವಿಲ್ಲ, ಅದನ್ನು ತೆಗೆದಿದ್ದೇವೆ. 2100ರ ಹೊತ್ತಿನ ಅಂದಾಜುಗಳನ್ನು ಲೇಖನದಲ್ಲಿ ಸೇರಿಸಿದ್ದೇವೆ. ಇವು ಸಂಪಾದನೆಯ ಹಂತದಲ್ಲಿ ಆದ ತಪ್ಪುಗಳು, ಲೇಖಕರದ್ದಲ್ಲ. ವಿಷಾದಿಸುತ್ತೇವೆ.

ನಾಲ್ಕು ಸಾಲು ದಾಟಿದೆ, ನೇರನುಡಿ ಅವರೇ. ಯಾವುದನ್ನು ಬಿಡುವುದು ಎಂದು ತಿಳಿಯಲಿಲ್ಲ.

`og:title` ಮತ್ತು ವಿವರ ಎರಡರಲ್ಲೂ ಹಳೆಯದೇ ಇತ್ತು, ಬದಲಿಸಿದೆವು. ಹಳೆ ಕಾರ್ಡಿನ ವಿಷಯದಲ್ಲಿ ತಂಡ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಸದ್ಯಕ್ಕೆ ಉಳಿಸಿ, ಮೇಲೆ ತಿದ್ದುಪಡಿ ಸೇರಿಸಿದ್ದೇವೆ. ಹೊಸ ಕಾರ್ಡು ತಯಾರಾಗುತ್ತಿದೆ.

ನಮ್ಮ ಲೇಖನವನ್ನು ಅನುಮತಿ ಪಡೆದು ಮರುಪ್ರಕಟಿಸಿದ ಎರಡು ತಾಣಗಳಿವೆ. ಅವರಿಗೆ ಏನು ಕಳಿಸಬೇಕು?

---

ಹಳೆಡೆಸ್ಕು

ಟಿಪ್ಪಣಿ ಪೂರ್ತಿ, ತಿದ್ದಿದ ಲೇಖನ ಪೂರ್ತಿ, ಹೊಸ ಚಿತ್ರ. "ನಮ್ಮಲ್ಲಿ ಬದಲಿಸಿದ್ದೇವೆ, ನೋಡಿ" ಎಂದು ಕೊಂಡಿ ಕಳಿಸಿದರೆ ಅವರು ಒಂದು ಅಂಕಿ ತಿದ್ದಿ ಸುಮ್ಮನಾಗುತ್ತಾರೆ. ಕೊನೆಯ ಸಾಲು ಅಲ್ಲೇ ಉಳಿಯುತ್ತದೆ. ಟಿಪ್ಪಣಿಯನ್ನು ಅವರ ಪುಟದಲ್ಲೂ ಮೇಲೆಯೇ ಹಾಕಬೇಕೆಂದು ಸ್ಪಷ್ಟವಾಗಿ ಕೇಳಿ, ಹಾಕಿದ ಮೇಲೆ ಹೋಗಿ ನೋಡಿ. ತಪ್ಪು ತೋರಿಸಿದ ಓದುಗರಿಗೂ ಉತ್ತರ ಬರೆಯಿರಿ. ಅವರು ಕೇಳಿಕೊಂಡರೆ ಮಾತ್ರ ಟಿಪ್ಪಣಿಯಲ್ಲಿ ಹೆಸರು ಹಾಕಿ.

---

ನೇರನುಡಿ

ಉದ್ದವಾದರೂ ಈಗಿನ ಟಿಪ್ಪಣಿ ಓದಿಸಿಕೊಳ್ಳುತ್ತದೆ. ಒಂದೇ ಸಲಹೆ: "ಲೇಖಕರದ್ದಲ್ಲ" ಎನ್ನುವುದನ್ನು ಲೇಖಕರ ಹೆಸರು ಹಿಡಿದು ಬೈಯುತ್ತಿರುವ ಪ್ರತಿಕ್ರಿಯೆಗಳ ಕೆಳಗೂ ಬರೆಯಿರಿ. ಅಲ್ಲಿ ಬೈಯುತ್ತಿರುವವರು ಮತ್ತೆ ಮೇಲೆ ಹೋಗಿ ಟಿಪ್ಪಣಿ ನೋಡುವುದಿಲ್ಲ.

---

ಕರಡುಪ್ರತಿ

ಈಗಲೇ ಬರೆಯುತ್ತೇನೆ. ಹೊಸ ಕಾರ್ಡು ಆದ ಮೇಲೆ ಇಲ್ಲಿಗೂ ಹಾಕುತ್ತೇನೆ, ಮೇಷ್ಟ್ರು ಒಮ್ಮೆ ನೋಡಿ ಹೇಳಿದರೆ ಆಮೇಲೆ ಪ್ರಕಟಿಸುತ್ತೇವೆ.